ಸೇತುವೆ ಗರ್ಡರ್ ಕೆಳಗಿನ ರಬ್ಬರ್ ವಾಲಿದೆ, ಬದಲಿಸಬೇಕಾ?

ಪೊನ್ನಪ್ಪ, ನಾಪೋಕ್ಲು: ಸರ್, ನಮ್ಮ ತೋಟದ ದಾರಿಯ ಹೊಳೆ ಸೇತುವೆ ಕಟ್ಟಿ ಒಂಬತ್ತು ವರ್ಷ. ಒಂದೇ ಅಂಕಣ, 20 ಮೀಟರ್, ಮೂರು ಗರ್ಡರ್. ಗರ್ಡರ್ ಕೆಳಗಿನ ಕಪ್ಪು ರಬ್ಬರ್ ಎರಡೂ ದಡದಲ್ಲಿ ವಾಲಿದೆ, ಪಕ್ಕಕ್ಕೆ ಉಬ್ಬಿಯೂ ಇದೆ. ಕಾಫಿ ಲೋಡ್ ಓಡಾಡೋ ಸಮಯ ಇದು. ಬದಲಿಸಿ ಅಂತ ಅರ್ಜಿ ಕೊಡಲಾ?

ಗಣಪತಿ, ನಿವೃತ್ತ ಸೇತುವೆ ಇಂಜಿನಿಯರ್: ಅರ್ಜಿ ಆಮೇಲೆ. ವಾಲಿದ್ದು ಹೊಳೆ ಕಡೆಗೋ ದಡದ ಕಡೆಗೋ? ಬೆಳಗ್ಗೆ ಬಿಸಿಲು ಬೀಳೋ ಮೊದಲು ಹೋಗಿ. ಆ ರಬ್ಬರ್ ಪ್ಯಾಡ್ ಕೂತಿರುವ ಕಾಂಕ್ರೀಟ್ ಕಟ್ಟೆ ಮೇಲೆ ಬಡಗಿಯ ಮೂಲೆಮಟ್ಟ ನಿಲ್ಲಿಸಿ, ಪ್ಯಾಡಿನ ಕೆಳ ಅಂಚಿಗೆ ತಾಗಿಸಿ, ಮೇಲಂಚು ಅಲ್ಲಿಂದ ಎಷ್ಟು ಮಿಲಿಮೀಟರ್ ಸರಿದಿದೆ ಅಂತ ಸ್ಟೀಲ್ ಸ್ಕೇಲ್‌ನಲ್ಲಿ ನೋಡಿ. ಎರಡೂ ದಡದಲ್ಲಿ. ಗರ್ಡರ್ ತುದಿಗೂ ಹಿಂದಿನ ಗೋಡೆಗೂ ನಡುವೆ ಎಷ್ಟು ಸಂದಿ ಉಳಿದಿದೆ ಅದನ್ನೂ ಬರೆಯಿರಿ. ಡ್ರಾಯಿಂಗ್ ಸಿಕ್ಕರೆ ಪ್ಯಾಡ್ ಅಳತೆ ಹಾಕಿ.

ಕಾವೇರಮ್ಮ, ವಿರಾಜಪೇಟೆ: ನಮ್ಮಲ್ಲೂ ಉಬ್ಬಿದೆ ಸರ್, ಅಪಾಯವಾ?

ಗಣಪತಿ: ಒಳಗೆ ಸ್ಟೀಲ್ ತಗಡು ಪದರ ಪದರವಾಗಿ ಇರುತ್ತೆ ಅಮ್ಮ. ಭಾರ ಬಿದ್ದಾಗ ತಗಡುಗಳ ನಡುವೆ ರಬ್ಬರ್ ಸ್ವಲ್ಪ ಹೊರಗೆ ಬರಲೇಬೇಕು. ಸಣ್ಣ ಸಣ್ಣ ಸಾಲು ಕಂಡರೆ ಸರಿ ಇದೆ. ಸಾಲು ಹೋಗಿ ಒಂದೇ ದೊಡ್ಡ ಹೊಟ್ಟೆ ಆಗಿದ್ದರೆ ಒಳಗಿನ ತಗಡು ಬಿಟ್ಟಿರಬಹುದು, ಆಗ ಫೋಟೋ ಹಾಕಿ.

ಟಿಪ್ಪರ್ ಮಂಜು, ಸೋಮವಾರಪೇಟೆ: ಸರ್ ನನ್ನ ಗಾಡಿ ಹೋಗುವಾಗ ಸೇತುವೆ ಅಲ್ಲಾಡುತ್ತೆ. ಬೇರಿಂಗ್ ಹೋಗಿದೆ ಅನಿಸುತ್ತೆ. ಗ್ರೀಸ್ ಹಾಕೋಕೆ ನಿಪ್ಪಲ್ ಎಲ್ಲಿರುತ್ತೆ?

ಗಣಪತಿ: ಈ ರಬ್ಬರ್ ಪ್ಯಾಡಿಗೂ ಬೇರಿಂಗ್ ಅಂತಾರೆ, ಆದರೆ ಅದು ನಿಮ್ಮ ಹಬ್ ಬೇರಿಂಗ್ ಅಲ್ಲ ಮಂಜು. ತಿರುಗೋ ಉರುಳೆ, ಗುಂಡು ಯಾವುದೂ ಇಲ್ಲ, ಬರೀ ರಬ್ಬರ್ ಗಟ್ಟಿ. ಭಾರ ಬಿದ್ದಾಗ ಗರ್ಡರ್ ನಡುವೆ ಬಾಗುತ್ತೆ, ಬಾಗಿದರೆ ತುದಿ ಓರೆಯಾಗುತ್ತೆ, ಆಗ ಪ್ಯಾಡಿನ ಹೊಳೆ ಕಡೆಯ ಅಂಚು ಚೂರು ಜಾಸ್ತಿ ಅಮುಕುತ್ತೆ. ಗಾಡಿ ದಾಟಿದ ಮೇಲೆ ವಾಪಸ್. ಅಲ್ಲಾಡೋದು ಮಾಮೂಲಿ. ಜಾಯಿಂಟ್ ಹತ್ತಿರ ದಡಕ್ ಅಂದರೆ ಮಾತ್ರ ಹೇಳಿ.

ರವಿ, ಕುಶಾಲನಗರ: *ಫಾರ್ವರ್ಡ್ ಆಗಿದೆ:* "ಸೇತುವೆಯ ರಬ್ಬರ್ ಒಣಗಿ ಬಿರುಕು ಬಿಡದಂತೆ ವರ್ಷಕ್ಕೊಮ್ಮೆ ಗ್ರೀಸ್ ಅಥವಾ ಹಳೆ ಇಂಜಿನ್ ಆಯಿಲ್ ಸವರಿ. ಸವೆದಿದ್ದರೆ ಲಾರಿ ಟಯರ್ ತುಂಡು ಇಟ್ಟರೂ ಸಾಕು. ಎಲ್ಲರಿಗೂ ಕಳಿಸಿ."

ಗಣಪತಿ: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಬಹಳ ಸೇತುವೆಗಳಲ್ಲಿ ಈ ಪ್ಯಾಡನ್ನು ಬೋಲ್ಟ್ ಹಾಕಿ ಹಿಡಿದಿರೋದಿಲ್ಲ. ಮೇಲಿನ ಭಾರ ಮತ್ತು ಕಾಂಕ್ರೀಟಿನ ಒರಟು, ಇವೆರಡೇ ಹಿಡಿದುಕೊಂಡಿರೋದು. ಎಣ್ಣೆ ತಾಗಿದರೆ ಜಾರುತ್ತೆ. ನಾನೇ ಕಂಡ ಒಂದು ಕಡೆ ಶಟರಿಂಗ್ ಎಣ್ಣೆ ಒರೆಸದೆ ಪ್ಯಾಡ್ ಕೂರಿಸಿದ್ದರು. ಭಾರ ಕಡಿಮೆ ಇದ್ದ ಅಂಚಿನ ಗರ್ಡರ್ ಕೆಳಗಿನ ಪ್ಯಾಡ್ ಚಳಿ ಬಿಸಿಲಿಗೆ ಇಷ್ಟಿಷ್ಟೇ ನಡೆದು ಕಟ್ಟೆಯಿಂದ ನಾಲ್ಕು ಬೆರಳು ಹೊರಗೆ ಬಂದಿತ್ತು. ಅದನ್ನು ವಾಪಸ್ ಕೂರಿಸೋಕೆ ಜಾಕಿ ಇಟ್ಟು ಸೇತುವೆಯ ಮೇಲ್ಭಾಗ, ಅಂದರೆ ಡೆಕ್ ಎತ್ತಬೇಕಾಯ್ತು. ನೈಸರ್ಗಿಕ ರಬ್ಬರ್ ಆದರೆ ಎಣ್ಣೆಗೆ ಊದಿಕೊಳ್ಳುತ್ತೆ ಬೇರೆ. ಟಯರ್ ತುಂಡಿನ ಬಗ್ಗೆ ನಾನು ಮಾತಾಡೋದೇ ಇಲ್ಲ.

ಹರೀಶ, ಸೈಟ್ ಸೂಪರ್‌ವೈಸರ್: ಪೊನ್ನಪ್ಪಣ್ಣ, ಎರಡೂ ಕಡೆ ರಬ್ಬರ್ ಇಟ್ಟಿದ್ದೇ ತಪ್ಪು. ಒಂದು ಕಡೆ ಫಿಕ್ಸ್, ಇನ್ನೊಂದು ಕಡೆ ರೋಲರ್ ಅಂತ ನಾವು ಓದಿದ್ದು. ಮಧ್ಯಾಹ್ನ ಬಿಸಿಲಲ್ಲಿ ಗರ್ಡರ್ ಇಟ್ಟಿರ್ತಾರೆ, ಅದಕ್ಕೇ ವಾಲಿದೆ.

ಪೊನ್ನಪ್ಪ: ಸರ್, ಇವತ್ತು ಬೆಳಗ್ಗೆ ಏಳೂವರೆಗೆ ನೋಡಿದೆ, ಒಳ್ಳೆ ಚಳಿ. ಎಡದಂಡೆಯಲ್ಲಿ ಮೇಲಂಚು ದಡದ ಕಡೆಗೆ 14 ಮಿಮೀ. ಬಲದಂಡೆಯಲ್ಲೂ ದಡದ ಕಡೆಗೇ 13. ಸಂದಿ ಎಡಕ್ಕೆ 6, ಬಲಕ್ಕೆ 7. ಡ್ರಾಯಿಂಗ್‌ನಲ್ಲಿ ಸಂದಿ 20 ಅಂತಲೂ ಪ್ಯಾಡ್ 500×320×52 ಅಂತಲೂ ಇದೆ, ಒಳಗೆ 3 ಮಿಮೀ ತಗಡು ನಾಲ್ಕು.

ಗಣಪತಿ: ಪೊನ್ನಪ್ಪನವರೇ, ಇದನ್ನು ಎರಡು ಸಲ ಓದಿದೆ. ನಿಮ್ಮ ಪ್ಯಾಡ್ ಚೆನ್ನಾಗೇ ಇದೆ. ತಲೆಬಿಸಿ ಮಾಡಿದ್ದು ಅದು ವಾಲಿರೋ ದಿಕ್ಕು.

52ರಲ್ಲಿ ತಗಡಿನ 12 ಕಳೆದರೆ 40 ಮಿಮೀ ರಬ್ಬರ್. ಸೇತುವೆ ಬೇರಿಂಗಿನ ನಿಯಮ ಐಆರ್‌ಸಿ 83ರ ರೂಢಿಯ ಲೆಕ್ಕದಲ್ಲಿ ಅದರ 0.7 ಪಾಲು, ಅಂದರೆ 28 ಮಿಮೀವರೆಗೆ ಅಡ್ಡಕ್ಕೆ ಓರೆಯಾಗಬಹುದು. ನಿಮ್ಮದು ಅದರ ಅರ್ಧ. ಹಾಗಾಗಿ ರಬ್ಬರಿಗೆ ಪೆಟ್ಟು ಬಿದ್ದಿಲ್ಲ.

ಈಗ ದಿಕ್ಕು ನೋಡಿ. ಕಾಂಕ್ರೀಟ್ ಒಂದು ಡಿಗ್ರಿಗೆ ಮೀಟರಿಗೆ 0.012 ಮಿಮೀ ಹಿಗ್ಗುತ್ತೆ. ನಮ್ಮಲ್ಲಿ ಜನವರಿ ಬೆಳಗಿನ ಚಳಿಗೂ ಮಾರ್ಚ್ ಮಧ್ಯಾಹ್ನಕ್ಕೂ ಡೆಕ್ಕಿನ ಮೈಯಲ್ಲಿ 16 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಂಡರೆ 20 ಮೀಟರಿಗೆ ಸುಮಾರು 4 ಮಿಮೀ, ಒಂದೊಂದು ತುದಿಗೆ 2. ಇದರ ಜೊತೆ ಹೊಸ ಕಾಂಕ್ರೀಟ್ ಒಣಗುತ್ತಾ ಮೊದಲ ಕೆಲವು ವರ್ಷ ಕುಗ್ಗುತ್ತೆ, ಅದು ತುದಿಗೆ ಇನ್ನೊಂದೆರಡು. ಕುಗ್ಗಿದ ಡೆಕ್ ಪ್ಯಾಡಿನ ತಲೆಯನ್ನು ತನ್ನ ಕಡೆಗೆ, ಅಂದರೆ ಹೊಳೆ ಕಡೆಗೆ ಎಳೆಯುತ್ತೆ. ಜನವರಿ ಬೆಳಗ್ಗೆ ಒಂಬತ್ತು ವರ್ಷದ ಸೇತುವೆಯ ಪ್ಯಾಡ್ ಎರಡೂ ಕಡೆ ಹೊಳೆ ಕಡೆಗೆ ಮೂರು ನಾಲ್ಕು ಮಿಮೀ ವಾಲಿರಬೇಕಿತ್ತು. ನಿಮ್ಮದು ದಡದ ಕಡೆಗೆ 14 ಮತ್ತು 13.

ಡೆಕ್ ಉದ್ದ ಆಗೋಕೆ ಸಾಧ್ಯವಿಲ್ಲ. ಹಾಗಾದರೆ ದಡಗಳು ಹತ್ತಿರ ಬಂದಿವೆ. ಕಂಡದ್ದು ಒಟ್ಟು 27, ಚಳಿಗೆ ಒಳಗೆ ವಾಲಬೇಕಿದ್ದ ಏಳೆಂಟು ಸೇರಿಸಿದರೆ ಸುಮಾರು 34 ಮಿಮೀ. ಸೇತುವೆ ತುದಿಯನ್ನು ಹೊತ್ತ ದಡದ ಗೋಡೆ, ಅಂದರೆ ಅಬಟ್‌ಮೆಂಟ್, ಒಂದೋ ಎರಡೋ ಹಿಂದಿನ ಮಣ್ಣಿನ ಒತ್ತಡಕ್ಕೆ ಹೊಳೆ ಕಡೆ ಸರಿದಿದೆ, ಇಲ್ಲವೇ ಓರೆಯಾಗಿದೆ. ಪ್ಯಾಡಿನ ಕಾಲು ಅದರ ಜೊತೆ ಹೋಗಿದೆ, ತಲೆ ಗರ್ಡರ್ ಜೊತೆ ಉಳಿದಿದೆ.

ಯಾವ ದಡ ಅಂತ ಪ್ಯಾಡ್ ನೋಡಿ ಹೇಳೋಕೆ ಆಗಲ್ಲ, ಇದು ಎರಡೂ ಕಡೆ ರಬ್ಬರ್ ಇರೋ ಸೇತುವೆಯ ತಮಾಷೆ. ಡೆಕ್ ಎಲ್ಲೂ ಕಟ್ಟಿಕೊಂಡಿಲ್ಲ, ತೇಲಿಕೊಂಡಿದೆ. ಎಡದಂಡೆ ಒಂದೇ 34 ಸರಿದರೂ ಆರೂ ಪ್ಯಾಡ್ ಸೇರಿ ಡೆಕ್ಕನ್ನು ನಡುವಿಗೆ ತಳ್ಳಿ ವಾಲಿಕೆಯನ್ನು ಸಮ ಹಂಚಿಕೊಳ್ಳುತ್ತವೆ. ಅದಕ್ಕೇ 14, 13 ಅಂತ ಹೆಚ್ಚೂಕಡಿಮೆ ಒಂದೇ ಬಂದಿದೆ.

ಹರೀಶ: ಸರ್, ಬಿಸಿಲಲ್ಲಿ ಇಟ್ಟಿದ್ದರೆ?

ಗಣಪತಿ: ಬಿಸಿಲಲ್ಲಿ ಇಟ್ಟಿದ್ದರೆ ಚಳಿಗೆ ಇನ್ನೂ ಒಳಗೆ ವಾಲಬೇಕು ಹರೀಶ್, ಹೊರಗೆ ಅಲ್ಲ. ಗರ್ಡರ್ ಇಳಿಸುವಾಗ ಪ್ಯಾಡ್ ಎಳೆದಿದ್ದರೆ ಒಂದು ಕಡೆ ಹೊರಗೆ, ಇನ್ನೊಂದು ಕಡೆ ಒಳಗೆ ಇರುತ್ತಿತ್ತು. ಫಿಕ್ಸ್ ಮತ್ತು ರೋಲರ್ ಸ್ಟೀಲ್ ಬೇರಿಂಗ್ ಕಾಲದ್ದು, ಈಗಲೂ ದೊಡ್ಡ ಅಂಕಣಕ್ಕೆ ಒಂದು ತುದಿ ಹಿಡಿಯೋದು ಇದೆ, ಅಷ್ಟು ಸರಿ. 20 ಮೀಟರಿಗೆ ಎರಡೂ ಕಡೆ ರಬ್ಬರ್ ತಪ್ಪಲ್ಲ.

ಹರೀಶ: ನಾನು ಹನ್ನೆರಡು ವರ್ಷ ಸೈಟಲ್ಲಿ ಇದ್ದೀನಿ ಸರ್.

ಟಿಪ್ಪರ್ ಮಂಜು: ಸೈಟಲ್ಲಿ ಇದ್ದವರೇ ಅಲ್ವಾ ಎಣ್ಣೆ ಒರೆಸದೆ ಇಟ್ಟಿದ್ದು 😄

ಹರೀಶ: ನಿನ್ನ ಓವರ್‌ಲೋಡ್ ಟಿಪ್ಪರ್ ಓಡಿಸಿ ಸೇತುವೆ ಮುರಿದದ್ದು ಯಾರು ಅಂತ ಹೇಳಲಾ?

ಟಿಪ್ಪರ್ ಮಂಜು: ಮುರಿದಿಲ್ಲ ಅಂತ ಸರ್ ಈಗ ತಾನೇ ಹೇಳಿದ್ರು, ಓದೋಕೆ ಬರಲ್ವಾ?

ಕಾವೇರಮ್ಮ: ನಿಸರ್ಗಧಾಮದ ತೂಗುಸೇತುವೆಗೂ ರಬ್ಬರ್ ಇರುತ್ತಾ ಸರ್? ಮೊಮ್ಮಗ ಕೇಳ್ತಿದ್ದಾನೆ.

ಪೊನ್ನಪ್ಪ: ಸರ್, ನನಗೆ ಭಯ ಆಗ್ತಿದೆ. 2018ರ ಆಗಸ್ಟ್ ಮಳೆಯಲ್ಲಿ ಎಡದಂಡೆ ರಸ್ತೆ ಒಂದು ಗೇಣು ಕುಸಿದಿತ್ತು, ಮಣ್ಣು ತುಂಬಿಸಿ ಟಾರು ಹಾಕಿದ್ದರು. ಅಲ್ಲೇನಾ?

ಗಣಪತಿ: ಇರಬಹುದು. ಆದರೆ ಸೇತುವೆ ಹಿಂದಿನ ಮಣ್ಣು ತಾನಾಗೇ ಕೂತರೂ ರಸ್ತೆ ಕುಸಿಯುತ್ತೆ, ಅದಕ್ಕೆ ಅಬಟ್‌ಮೆಂಟ್ ಸರಿಯಲೇಬೇಕು ಅಂತಿಲ್ಲ. ಮೂರು ಕಡೆ ನೋಡಿ. ಅಬಟ್‌ಮೆಂಟಿಗೂ ಪಕ್ಕದ ರೆಕ್ಕೆಗೋಡೆಗೂ ನಡುವಿನ ಸಂದಿ ಮೇಲೆ ಅಗಲ, ಕೆಳಗೆ ಸಣ್ಣ ಆಗಿದೆಯಾ? ಗೋಡೆಯ ನೀರು ತೂತುಗಳಲ್ಲಿ ಮಳೆಗಾಲದಲ್ಲಿ ನೀರು ಬರುತ್ತಿತ್ತಾ? ಬುಡದ ಮಣ್ಣನ್ನು ಹೊಳೆ ಕೊರೆದಿದೆಯಾ? ಆಮೇಲೆ ಮೇಸ್ತ್ರಿಯ ತೂಗುಗುಂಡು ಬಿಟ್ಟು ಎರಡೂ ಗೋಡೆಯ ಓರೆ ಅಳೆಯಿರಿ.

ಗಾಡಿ ಹೋಗೋದು ನಿಲ್ಲಿಸಿ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ಸೇತುವೆಯ ಹಿಂದೆ ದಡದ ಮೇಲೆ ಲೋಡ್ ಲಾರಿ ಸಾಲಾಗಿ ನಿಲ್ಲಿಸೋದು ಇವತ್ತೇ ಬಿಡಿಸಿ. ಅಲ್ಲಿ ನಿಂತ ಭಾರ ನೇರ ಆ ಮಣ್ಣನ್ನೇ ಒತ್ತುತ್ತೆ.

ರವಿ: ಸರ್ ರಬ್ಬರ್ ಬದಲಿಸಿಬಿಟ್ಟರೆ ನೆಟ್ಟಗಾಗುತ್ತಲ್ಲ?

ಗಣಪತಿ: ಆಗುತ್ತೆ, ಮತ್ತೆ ವಾಲುತ್ತೆ. ಹಳೇ ಪ್ಯಾಡ್ ತೆಗೆದರೆ ದಡ ಎಷ್ಟು ಸರಿದಿತ್ತು ಅನ್ನೋ ಗುರುತೂ ಹೋಯ್ತು. ಇನ್ನೊಂದು, ಈ ಓರೆಯಲ್ಲಿ ಒಂದೊಂದು ಪ್ಯಾಡ್ ಸುಮಾರು ಐದೂವರೆ ಟನ್ ಬಲದಲ್ಲಿ ದಡವನ್ನು ಹಿಂದಕ್ಕೆ ತಳ್ಳುತ್ತಿದೆ, ಮೂರಕ್ಕೆ 16 ಟನ್. ತೆಗೆಯೋ ಮೊದಲು ಅದನ್ನೂ ಲೆಕ್ಕ ಹಾಕಬೇಕು.

ನಿಜವಾಗಿ ನೋಡಬೇಕಾದ್ದು ಆ 6 ಮಿಮೀ ಸಂದಿ. ಬೇಸಿಗೆಗೆ ಇನ್ನೆರಡು ಹೋಗುತ್ತೆ. ಜಲ್ಲಿಕಲ್ಲು ಸಿಕ್ಕಿಕೊಂಡರೂ, ದಡ ಇನ್ನೊಂಚೂರು ಬಂದರೂ ಗರ್ಡರ್ ತುದಿ ಗೋಡೆಗೆ ತಾಗುತ್ತೆ. ಆಮೇಲೆ ಹಿಗ್ಗಲು ಜಾಗ ಇಲ್ಲ, ಡೆಕ್ಕೇ ಎರಡು ದಡದ ನಡುವೆ ಊರುಗೋಲಾಗುತ್ತೆ. ಆಗ ರಬ್ಬರ್ ಇದ್ದೂ ಇಲ್ಲದ ಹಾಗೆ. ಗರ್ಡರ್ ಹಿಂದಿನ ಗೋಡೆಯಲ್ಲಿ ಅಡ್ಡ ಬಿರುಕು ಬಂದರೆ ಅದೇ ಮೊದಲ ಗುರುತು. ಸಂದಿಯ ಜಲ್ಲಿ, ಮಣ್ಣು ಕೆದಕಿ ತೆಗೆಸಿ.

ಸುಬ್ಬಯ್ಯ, ಗೋಣಿಕೊಪ್ಪ: ಉಬ್ಬಿದ್ದರೆ ಅಪಾಯವಾ ಸರ್? ಫೋಟೋ ಹಾಕಿದ್ದೀನಿ.

ಗಣಪತಿ: ಸಾಲು ಕಾಣ್ತಿದೆ. ಸರಿ ಇದೆ. ಕಾವೇರಮ್ಮನವರಿಗೆ ಬರೆದದ್ದು ಓದಿ.

ರವಿ: ಗ್ರೀಸ್ ಬೇಡ ಅಂದ್ರೆ ಪೇಂಟ್ ಆದ್ರೂ...

ಗಣಪತಿ: ಬೇಡ. ಪೇಂಟ್ ಬಳಿದರೆ ಬಿರುಕು ಬಂದದ್ದು ಕಾಣೋದಿಲ್ಲ.

ಪೊನ್ನಪ್ಪ: ಸರ್, ತೂಗುಗುಂಡು ಬಿಟ್ಟೆ. 3 ಮೀಟರಿಗೆ ಎಡಗೋಡೆ ಹೊಳೆ ಕಡೆ 19 ಮಿಮೀ, ಬಲಗೋಡೆ 8. ನೀರು ತೂತು ಎಡಕ್ಕೆ ಏಳರಲ್ಲಿ ಐದು ಮಣ್ಣು ಕಟ್ಟಿಕೊಂಡಿದೆ, ಕಬ್ಬಿಣದ ಸರಳು ತೂರಿದರೂ ಹೋಗ್ತಿಲ್ಲ. ರೆಕ್ಕೆಗೋಡೆ ಸಂದಿಯಲ್ಲಿ ಹುಲ್ಲು ಬೆಳೆದು ಗೊತ್ತಾಗ್ತಿಲ್ಲ.

ಹರೀಶ: ಗೋಡೆ ಕಟ್ಟುವಾಗಲೇ ಅಷ್ಟು ಓರೆ ಇರುತ್ತೆ ಸರ್, ಯಾವ ಶಟರಿಂಗ್ ನೆಟ್ಟಗೆ ನಿಲ್ಲುತ್ತೆ?

ಗಣಪತಿ: ಈ ಮಾತು ಸರಿ ಹರೀಶ್. 8 ಕಟ್ಟುವಾಗಿನದೇ ಇರಬಹುದು, 19ರಲ್ಲೂ ಅದರ ಪಾಲು ಇರಬಹುದು. ಒಂದೇ ದಿನದ ಅಳತೆಯಿಂದ ತೀರ್ಪು ಕೊಡೋಕಾಗಲ್ಲ. ಪೊನ್ನಪ್ಪನವರೇ, ಅಳೆದ ಜಾಗಕ್ಕೆಲ್ಲ ಪೇಂಟಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲ ಕಳೆದು ಒಮ್ಮೆ, ಮುಂದಿನ ಜನವರಿಯಲ್ಲಿ ಇದೇ ಹೊತ್ತಿಗೆ ಇನ್ನೊಮ್ಮೆ. ಅರ್ಜಿ ಈಗ ಕೊಡಿ, ಆದರೆ "ರಬ್ಬರ್ ಬದಲಿಸಿ" ಅಂತ ಬರೆಯಬೇಡಿ. "ಎಡದಂಡೆ ಅಬಟ್‌ಮೆಂಟ್ ಸರ್ವೆ ಮಾಡಿ, ಮಳೆಗೆ ಮೊದಲು ನೀರು ತೂತು ಬಿಡಿಸಿ" ಅಂತ ಬರೆದು, ಈ ಅಳತೆಗಳನ್ನು ಕೆಳಗೆ ಹಾಕಿ.

ಟಿಪ್ಪರ್ ಮಂಜು: ಸರ್ ಜಾಯಿಂಟ್ ಹತ್ತಿರ ದಡಕ್ ಅನ್ನುತ್ತೆ.

ಗಣಪತಿ: ಯಾವ ಸೇತುವೆ?

ಟಿಪ್ಪರ್ ಮಂಜು: ಎಲ್ಲಾ ಸೇತುವೆ ಸರ್.