ಮೊದಲ ಲೆಗ್ 1-0 ಗೆದ್ದ ತಂಡಕ್ಕೆ ನನ್ನ ಶೀಟಲ್ಲಿ 68.5%, ಗೆಳೆಯನ ಲೆಕ್ಕದಲ್ಲಿ 62%. ತಪ್ಪು ಎಲ್ಲಿ?

ನಾಲೆದಂಡೆ (ಮಂಡ್ಯ): ಯುರೋಪಿನ ನಾಕೌಟ್ ಪಂದ್ಯಗಳಿಗೆ ಶೀಟ್ ಮಾಡಿದ್ದೇನೆ. ನಮ್ಮ ತಂಡ ಮನೆಯಲ್ಲಿ 1-0 ಗೆದ್ದಿದೆ. ಎರಡನೇ ಲೆಗ್‌ನಲ್ಲಿ ಎದುರಾಳಿಗೆ ಸರಾಸರಿ 1.5 ಗೋಲು, ನಮಗೆ 1.0 ಅಂತ ಇಟ್ಟು ಪಾಯ್ಸಾನ್ ಹಾಕಿದೆ. ಮುಂದಿನ ಸುತ್ತಿಗೆ ಹೋಗುವ ಸಾಧ್ಯತೆ 68.5% ಬಂತು, ಅಂದ್ರೆ ದರ 1.46. ಮೈಸೂರಿನ ಗೆಳೆಯ ಇದೇ ಅಂಕಿ ಇಟ್ಟು ಪಂದ್ಯವನ್ನು ಲಕ್ಷ ಸಲ ಆಡಿಸಿ ನೋಡಿದ. ಅವನಿಗೆ 62%, ದರ 1.61. ಎರಡು ದಿನದಿಂದ ಹುಡುಕ್ತಿದ್ದೇನೆ, ಸಿಗ್ತಿಲ್ಲ. B ಎದುರಾಳಿ ಗೋಲು, C ನಮ್ಮದು, D ಒಟ್ಟು ಅಂತರ, H2 ಹೆಚ್ಚುವರಿ ಸಮಯಕ್ಕೆ ಹೋದರೆ ನಾವು ಗೆಲ್ಲುವ ಸಾಧ್ಯತೆ (0.44).

```
=IF(D5>0,1,IF(D5<0,0,IF(C5>0,1,$H$2)))
```

ಕುವೆಂಪುನಗರ9: H2 ಸರಿ ಇಲ್ಲ ಅನ್ಸುತ್ತೆ. ಪೆನಾಲ್ಟಿ ಅಂದ್ಮೇಲೆ ಯಾರು ಬೇಕಾದರೂ ಗೆಲ್ಲಬಹುದು, 0.5 ಹಾಕಿ.

ಒಂಟಿಕೊಪ್ಪಲು: ಪೆನಾಲ್ಟಿಗೆ 0.5 ಸರಿ ಸಾರ್. ಆದರೆ ಅದಕ್ಕೂ ಮುಂಚೆ 30 ನಿಮಿಷ ಎದುರಾಳಿ ಅಂಗಳದಲ್ಲೇ ಆಡಬೇಕಲ್ವಾ? ಗೋಲಿನ ಸರಾಸರಿ ಮೂರನೇ ಒಂದು ಭಾಗ, ಅವರಿಗೆ 0.5, ನಮಗೆ 0.33. ನಾವು ಗೆಲ್ಲೋದು 19%, ಪೆನಾಲ್ಟಿಗೆ ಹೋಗೋದು 51%. ಅದರಲ್ಲಿ ಅರ್ಧ ಸೇರಿಸಿದರೆ 44. H2 ಸರಿಯಾಗೇ ಇದೆ. 0.5 ಹಾಕಿದರೆ ಅಂತರ ಇನ್ನೂ ಜಾಸ್ತಿ ಆಗುತ್ತೆ.

ತಪ್ಪು ಇರೋದು `C5>0` ಅನ್ನೋ ಕಡೆ. ಅದು ಹೊರಗಿನ ಗೋಲಿನ ಹಳೇ ನಿಯಮ. ಯುಇಎಫ್ಎ ಅದನ್ನು 2021-22ರಿಂದಲೇ ತೆಗೆದಿದೆ. ನಾವು ಒಂದೇ ಗೋಲಿನಿಂದ ಸೋಲುವ ಸಾಧ್ಯತೆ 24%. ಅದರಲ್ಲಿ 0-1 ಸೋಲು 12%ಗೆ ಸ್ವಲ್ಪ ಜಾಸ್ತಿ. ಉಳಿದದ್ದು 1-2, 2-3 ಥರದವು. ಅವಕ್ಕೆಲ್ಲ ನಿಮ್ಮ ಶೀಟ್ ಪೂರ್ತಿ 1 ಕೊಡ್ತಿದೆ, ಸಿಗಬೇಕಾದ್ದು 0.44.

```
=IF(D5>0,1,IF(D5<0,0,$H$2))
```

2022ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ನೆನಪಿಸಿಕೊಳ್ಳಿ. ಮೊದಲ ಲೆಗ್‌ನಲ್ಲಿ ಸಿಟಿ 4, ರಿಯಲ್ ಮ್ಯಾಡ್ರಿಡ್ 3. ಎರಡನೇದರಲ್ಲಿ 90ನೇ ನಿಮಿಷದ ಹೊತ್ತಿಗೆ ರೊಡ್ರಿಗೊ ಬೆನ್ನುಬೆನ್ನಿಗೆ ಎರಡು ಗೋಲು ಹೊಡೆದು 2-1, ಒಟ್ಟು 5-5. ಹಳೇ ನಿಯಮ ಇದ್ದಿದ್ರೆ ಹೊರಗೆ ಹೊಡೆದ 3 ಗೋಲಿನಿಂದ ರಿಯಲ್ ಅಲ್ಲೇ ಗೆದ್ದಂತೆ. ಆದರೆ ಹೆಚ್ಚುವರಿ ಸಮಯ ಆಡಿದರು, ಬೆನ್ಜೆಮಾ ಪೆನಾಲ್ಟಿಯಿಂದ 3-1 ಆಯ್ತು.

ಶ್ರೀರಂಗಪಟ್ಟಣ: ನಾನು ಲಿಬರ್ಟಡೋರೆಸ್‌ಗೆ ಇದೇ ಥರ ಶೀಟ್ ಮಾಡಿದ್ದೆ. ನನಗೂ H2 0.44 ಆಗುತ್ತಾ?

ಒಂಟಿಕೊಪ್ಪಲು: ಇಲ್ಲ. ಅಲ್ಲಿ ಫೈನಲ್ ಬಿಟ್ಟು ಬೇರೆ ಸುತ್ತಲ್ಲಿ ಒಟ್ಟು ಸಮ ಆದರೆ ನೇರ ಪೆನಾಲ್ಟಿ. 30 ನಿಮಿಷದ ಲೆಕ್ಕ ಬಿಟ್ಟುಬಿಡಿ, 0.5 ಹಾಕಿ.

ನಾಲೆದಂಡೆ: ಅಣ್ಣ, ಸಿಕ್ತು! 61.8 ಬಂತು. ತುಂಬಾ ಹಳೇ ಶೀಟಿಂದ ಸುಮ್ನೆ ನಕಲು ಮಾಡಿಕೊಂಡಿದ್ದ ಸಾಲು ಅದು. ಇನ್ನೊಂದು ಅನುಮಾನ. 1-0 ಮುಂದಿರುವ ತಂಡ ಹಿಂದೆ ನಿಂತು ಆಡುತ್ತೆ, ಎದುರಾಳಿ ಕೊನೆಗೆ ಎಲ್ಲರನ್ನೂ ಮುಂದೆ ಕಳಿಸುತ್ತೆ. ಆಗಲೂ 1.5, 1.0 ಹಾಗೇ ಇರುತ್ತಾ?

ಒಂಟಿಕೊಪ್ಪಲು: ಇರಲ್ಲ. ನಾನು ಕೊನೆಯ 20 ನಿಮಿಷಕ್ಕೆ ಎರಡೂ ಕಡೆ ಗೋಲು ಹೆಚ್ಚಿಸಿ ನೋಡಿದ್ದೇನೆ. ಎಷ್ಟು ಹೆಚ್ಚಿಸಬೇಕು ಅನ್ನೋದು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.

ಕುವೆಂಪುನಗರ9: ಪೆನಾಲ್ಟಿಗೆ 0.5 ಅನ್ನೋದನ್ನೂ ನಾನು ಪೂರ್ತಿ ಒಪ್ಪಲ್ಲ. ಒಳ್ಳೆ ಗೋಲಿ ಇದ್ದರೆ?