11 ತಿಂಗಳಲ್ಲಿ ಓಡಿದ್ದು 4,200 ಕಿ.ಮೀ. ಮಾತ್ರ. ಆಯಿಲ್ ಈಗಲೇ ಬದಲಿಸಬೇಕಾ?

ರಿಂಗ್‌ರೋಡ್_ವಾಸಿ
ಮೂರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟರ್ಬೊ ಇಲ್ಲ. ಮ್ಯಾನ್ಯುಯಲ್‌ನಲ್ಲಿ 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಅಂತಿದೆ. ಹೋದ ಸಲ ಆಯಿಲ್ ಹಾಕಿಸಿ 11 ತಿಂಗಳಾಯ್ತು, ಓಡಿರೋದು 4,200. ಎಲ್ಲ ಬೆಂಗಳೂರಲ್ಲೇ. ಬೆಳಿಗ್ಗೆ ಸಿಲ್ಕ್ ಬೋರ್ಡ್ ದಾಟಿ ಮಾರತ್ತಹಳ್ಳಿ ಕಡೆ ಆಫೀಸು, ಸಂಜೆ ಅದೇ ದಾರಿಯಲ್ಲಿ ವಾಪಸ್. ಸರ್ವೀಸ್ ಸೆಂಟರ್‌ನವರು "ಆರು ತಿಂಗಳಿಗೇ ಬರಬೇಕಿತ್ತು ಸರ್, ನಿಮ್ಮದು ಸಿವಿಯರ್ ಯೂಸ್" ಅಂತಾರೆ. ಅರ್ಧದಷ್ಟೂ ಓಡದ ಗಾಡಿಗೆ ಇದೆಂಥ ಲೆಕ್ಕ? ದುಡ್ಡು ಕೀಳೋ ಆಟಾನಾ?

ಸಿಂಥೆಟಿಕ್_ಸೀನ
ಆಟಾನೇ ಗುರು. ಆಯಿಲ್ ಹಾಲಲ್ಲ, ಕೆಡಲ್ಲ. ಸೀಲ್ ಒಡೆಯದ ಡಬ್ಬ ವರ್ಷಗಟ್ಟಲೆ ಚೆನ್ನಾಗೇ ಇರುತ್ತೆ. ಫುಲ್ಲಿ ಸಿಂಥೆಟಿಕ್ ಹಾಕಿಸಿದ್ರೆ ತಿಂಗಳ ಲೆಕ್ಕ ಮರೆತುಬಿಡು, 10,000ಕ್ಕೆ ಬದಲಿಸು. ಡಿಪ್‌ಸ್ಟಿಕ್ ತೆಗೆದು ನೋಡು, ಕಪ್ಪಾಗಿದ್ರೆ ಮಾತ್ರ ಯೋಚನೆ ಮಾಡು.

ಗ್ಯಾರೇಜ್_ಮಾಮ
ಸೀನ ಅವ್ರೇ, ಡಬ್ಬದ ವಿಷಯ ಸರಿ. ಆದ್ರೆ ಡಬ್ಬದಲ್ಲಿ ಏನೂ ಉರಿಯಲ್ಲ. ಎಂಜಿನ್ ಒಳಗೆ ಪ್ರತಿ ಸಲ ಪೆಟ್ರೋಲ್ ಉರಿದಾಗ ಒಂಚೂರು ಹೊಗೆ, ನೀರಾವಿ, ಉರಿಯದೆ ಉಳಿದ ಪೆಟ್ರೋಲ್ ರಿಂಗ್ ಸಂದಿಯಿಂದ ಜಾರಿ ಕೆಳಗಿನ ಆಯಿಲ್‌ಗೆ ಸೇರುತ್ತೆ. ಅದರಿಂದ ಹುಟ್ಟೋ ಆಮ್ಲವನ್ನ ಸಾಯಿಸೋಕೆ ಅಂತ್ಲೇ ಆಯಿಲ್‌ನಲ್ಲಿ ಮದ್ದು ಹಾಕಿರ್ತಾರೆ. ಆ ಮದ್ದು ಖರ್ಚಾಗ್ತಾ ಹೋಗುತ್ತೆ. ಸಿಂಥೆಟಿಕ್ ಆದ್ರೂ ಅಷ್ಟೇ. ತಿಂಗಳ ಲೆಕ್ಕ ಬಂದಿರೋದು ಇದಕ್ಕೇ. ಬಣ್ಣ ನೋಡಿ ತೀರ್ಮಾನ ಬೇಡ. ಮಸಿ ಹಿಡಿದಿಟ್ಟುಕೊಂಡು ಕೆಲಸ ಮಾಡ್ತಿರೋ ಆಯಿಲ್ಲೂ ಕಪ್ಪಾಗುತ್ತೆ. ಡೀಸೆಲ್ ಗಾಡೀಲಂತೂ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪು.

ವಾಸಿಯವರೇ, ನಿಮ್ಮ ಮೀಟರ್‌ನಲ್ಲಿ ಆವರೇಜ್ ಸ್ಪೀಡ್ ತೋರಿಸುತ್ತಾ? ಎಷ್ಟಿದೆ ಹೇಳಿ. ಮೈಲೇಜ್ ಎಷ್ಟು ಬರ್ತಿದೆ ಅದನ್ನೂ ಹೇಳಿ.

ರಿಂಗ್‌ರೋಡ್_ವಾಸಿ
ಆವರೇಜ್ ಸ್ಪೀಡ್ 14. ಮೈಲೇಜ್ ಲೀಟರಿಗೆ 10 ಸುತ್ತಮುತ್ತ. ನಗಬೇಡಿ.

ಬೈಕ್_ಬಸ್ಯಾ_ಹುಬ್ಬಳ್ಳಿ
ಅಣ್ಣಾರ, ನಾ ನನ್ನ ಗಾಡಿಗೆ 3,000ಕ್ಕ ಒಮ್ಮೆ ಆಯಿಲ್ ಬದಲಿಸ್ತೀನ್ರಿ. ನೀವು 4,200 ತನಕ ಬಿಟ್ಟೀರಿ ಅಂದ್ರ ಎಂಜಿನ್ ಕತಿ ಮುಗೀತು!

ಗ್ಯಾರೇಜ್_ಮಾಮ
ಬಸ್ಯಾ, ನಿಂದು ಬೈಕು. ಅದರಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಅದೇ ಒಂದು ಲೀಟರ್ ಆಯಿಲ್. ಗೇರಿನ ಹಲ್ಲು ಆಯಿಲನ್ನ ಅರೆದು ಹಾಕುತ್ತೆ. ಕಾರಿಗೆ ಮೂರು ಲೀಟರ್ ಮೇಲೆ ಹಿಡಿಯುತ್ತೆ, ಗೇರ್ ಆಯಿಲ್ ಬೇರೆ. ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡ.

ಈಗ ವಾಸಿಯವರ ಲೆಕ್ಕ. 4,200 ಭಾಗಿಸು 14 ಅಂದ್ರೆ 300. ಅಂದ್ರೆ ಎಂಜಿನ್ 300 ಗಂಟೆ ಓಡಿದೆ. ಇದೇ ಗಾಡಿ ಹೈವೇಲಿ ಸರಾಸರಿ 50ರಲ್ಲಿ ಹೋಗ್ತಿದ್ರೆ 10,000 ಕಿ.ಮೀ. ಮುಗಿಸೋಕೆ 200 ಗಂಟೆ ಸಾಕಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಕಿ.ಮೀ. ಮೀಟರ್ ನಿಲ್ಲುತ್ತೆ, ಎಂಜಿನ್ ನಿಲ್ಲಲ್ಲ. ಟ್ರಾಫಿಕ್ ಸಿವಿಯರ್ ಯೂಸ್ ಆಗೋದು ಹೀಗೆ. ಸರ್ವೀಸ್‌ನವರು ಸರಿಯಾಗಿ ಬಿಡಿಸಿ ಹೇಳಿಲ್ಲ ಅಷ್ಟೇ, ಹೇಳಿದ್ದು ಸುಳ್ಳಲ್ಲ. ನಿಮ್ಮ ಮ್ಯಾನ್ಯುಯಲ್‌ನಲ್ಲೇ ಸರ್ವೀಸ್ ಪಟ್ಟಿ ಆದ್ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಪಟ್ಟಿ ಇರುತ್ತೆ, ಧೂಳು ರಸ್ತೆ, ಪದೇ ಪದೇ ಸಣ್ಣ ಓಡಾಟ, ಐಡಲಿಂಗ್ ಅಂತ. ಅದನ್ನ ಹುಡುಕಿ.

ಲೀಟರ್_ಲೆಕ್ಕ
ಮಾಮ, ಒಂದು ತಕರಾರು. ಐಡಲ್‌ನಲ್ಲಿ ಎಂಜಿನ್ 800 ಸುತ್ತು ತಿರುಗುತ್ತೆ, ಹೈವೇಲಿ 2,500. ಎರಡೂ ಗಂಟೆಗೆ ಒಂದೇ ಬೆಲೆ ಕಟ್ಟೋದು ಹೇಗೆ? ನಾನು ಉರಿದ ಪೆಟ್ರೋಲ್ ನೋಡ್ತೀನಿ. ಇವರದು 4,200 ಕಿ.ಮೀ.ಗೆ 420 ಲೀಟರ್. ಹೈವೇಲಿ ಲೀಟರಿಗೆ 20 ಬಂದ್ರೆ 10,000ಕ್ಕೆ 500 ಲೀಟರ್. ನನ್ನ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಅವಧಿ ಬಾಕಿ ಇದೆ.

ಗ್ಯಾರೇಜ್_ಮಾಮ
ನಿಮ್ಮ ಲೆಕ್ಕ ತೆಗೆದುಹಾಕೋ ಹಾಗಿಲ್ಲ. ಆದ್ರೆ ಎರಡೂ ದಾರೀಲಿ ನೋಡಿದ್ರೂ "ಅರ್ಧದಷ್ಟೂ ಓಡಿಲ್ಲ" ಅನ್ನೋ ಮಾತು ನಿಲ್ಲಲ್ಲ, ಅಲ್ವಾ? ಜೊತೆಗೆ ಅದೇ ಲೀಟರ್ ಪೆಟ್ರೋಲ್ ತಣ್ಣನೆ ಎಂಜಿನ್‌ನಲ್ಲಿ ಉರಿದ್ರೆ ಆಯಿಲ್‌ಗೆ ಸೇರೋ ಪಾಲು ಜಾಸ್ತಿ.

ಮಲೆನಾಡ_ಮಳೆ
ಇಲ್ಲೇ ನನ್ನದೂ ಕೇಳ್ತೇನೆ ಮಾರಾಯ್ರೇ. ಸಾಗರದಲ್ಲಿ ಮನೆ, ಶಾಲೆ ಎರಡು ಕಿ.ಮೀ. ಮಕ್ಕಳನ್ನ ಬಿಟ್ಟು ಬರೋದು, ಗಾಡಿ ನಿಲ್ಲಿಸೋದು. ಟ್ರಾಫಿಕ್ ಗೀಫಿಕ್ ಏನೂ ಇಲ್ಲ. ಆದ್ರೂ ಮಳೆಗಾಲದಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಒಳಗೆ ಬೆಣ್ಣೆ ಥರ ಬಿಳಿ ಅಂಟು. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಒಬ್ಬ ಹೆದರಿಸಿದ.

ಗ್ಯಾರೇಜ್_ಮಾಮ
ನಿಮ್ಮದು ವಾಸಿಯವರದಕ್ಕಿಂತ ಬೇರೆ ಕಾಯಿಲೆ. ಅವರ ಎಂಜಿನ್ ಗಂಟೆಗಟ್ಟಲೆ ಓಡಿ ಕಾಯುತ್ತೆ, ನಿಮ್ಮದು ಕಾಯೋದೇ ಇಲ್ಲ. ಟೆಂಪರೇಚರ್ ಮುಳ್ಳು ಮೇಲೆ ಬಂತು ಅಂದ್ರೆ ಕೂಲಂಟ್ ಬಿಸಿಯಾಯ್ತು ಅಂತ. ಆಯಿಲ್ ಅದರ ಹಿಂದೆ ನಿಧಾನಕ್ಕೆ ಬಿಸಿಯಾಗುತ್ತೆ. ಎರಡು ಕಿ.ಮೀ.ನಲ್ಲಿ ಅದು ಬೆಚ್ಚಗಾಗೋಷ್ಟರಲ್ಲಿ ನೀವು ಕೀ ತಿರುಗಿಸಿರ್ತೀರಿ. ನೀರಾವಿ ಹೊರಗೆ ಹೋಗದೆ ತಣ್ಣನೆ ಮುಚ್ಚಳಕ್ಕೆ ಅಂಟುತ್ತೆ. ಡಿಪ್‌ಸ್ಟಿಕ್ ನೋಡಿ. ಕಡ್ಡಿಯ ಆಯಿಲ್ ಸ್ವಚ್ಛ ಇದ್ದು, ಕೂಲಂಟ್ ಕಮ್ಮಿ ಆಗ್ತಿಲ್ಲ ಅಂದ್ರೆ ಬರೀ ತೇವ. ಕಡ್ಡೀಲೂ ಹಾಲುಗಂದು ಕಂಡು, ಕೂಲಂಟ್ ಇಳೀತಿದ್ರೆ ಮಾತ್ರ ಗ್ಯಾಸ್ಕೆಟ್ ಮಾತು. ವಾರಕ್ಕೊಮ್ಮೆ ಅರ್ಧ ಗಂಟೆಗೂ ಹೆಚ್ಚು ಒಂದೇ ಸಮ ಓಡಿಸಿ. ಆಯಿಲ್ ಆರು ತಿಂಗಳಿಗೆ ಬದಲಿಸಿ. ನಿಂತಲ್ಲೇ ಎಂಜಿನ್ ಆನ್ ಇಟ್ಟು ಬಿಸಿ ಮಾಡೋಕೆ ಹೋಗಬೇಡಿ, ಅದು ಇನ್ನೂ ಕೆಟ್ಟದು.

ಸಂಡೂರು_ಪಿಕಪ್
ಧೂಳಿನ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ ಕಡೆ ಅದಿರು ಲಾರಿ ಹಿಂದೆ ಹೋದ್ರೆ ಗಾಡಿ ಪೂರಾ ಕೆಂಪು. 5,000ಕ್ಕೆ ಆಯಿಲ್ ಬದಲಿಸ್ತೀನಿ, ಆದ್ರೂ ಆಯಿಲ್ ಕುಡಿಯೋಕೆ ಶುರು ಮಾಡಿದೆ. ಏರ್ ಫಿಲ್ಟರ್ ವಾರ ವಾರ ಪಂಚರ್ ಅಂಗಡೀಲಿ ಗಾಳಿ ಹೊಡೆಸ್ತೀನಿ.

ಗ್ಯಾರೇಜ್_ಮಾಮ
ನನ್ನ ಅನುಮಾನ ಆ ಗಾಳಿ ಮೇಲೇನೇ. ಟೈರಿಗೆ ಹಾಕೋ ಪ್ರೆಷರ್‌ನಲ್ಲಿ ಹತ್ತಿರದಿಂದ ಹೊಡೆದ್ರೆ ಫಿಲ್ಟರ್ ಕಾಗದ ಕಣ್ಣಿಗೆ ಕಾಣದ ಹಾಗೆ ಹರಿಯುತ್ತೆ, ಅಂಚಿನ ರಬ್ಬರ್ ಸರಿಯಾಗಿ ಕೂರಲ್ಲ. ಅದಿರಿನ ಧೂಳು ಅಂದ್ರೆ ಉಜ್ಜೋ ಪುಡಿ. ಅದು ರಿಂಗು, ಬೋರು ಎರಡನ್ನೂ ತಿನ್ನುತ್ತೆ, ಆಮೇಲೆ ಆಯಿಲ್‌ಗೆ ಇಳಿದು ಬೇರಿಂಗ್‌ಗೂ ಹೋಗುತ್ತೆ. ಒಂದು ಕೆಲಸ ಮಾಡು: ಫಿಲ್ಟರ್ ಡಬ್ಬದಿಂದ ಎಂಜಿನ್ ಕಡೆ ಹೋಗೋ ಪೈಪ್ ಬಿಚ್ಚಿ, ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸು. ಬಟ್ಟೆ ಕೆಂಪಾದ್ರೆ ಧೂಳು ಫಿಲ್ಟರ್ ದಾಟಿ ಬರ್ತಿದೆ. ಅದನ್ನ ನಿಲ್ಲಿಸದೆ ಆಯಿಲ್ ಎಷ್ಟು ಸಲ ಬದಲಿಸಿದ್ರೂ ಪ್ರಯೋಜನ ಇಲ್ಲ.

ಸಂಡೂರು_ಪಿಕಪ್
ನೋಡ್ದೆ ಮಾಮ. ಕೆಂಪಾಯ್ತು. ಕ್ಲಿಪ್ ಒಂದು ಮುರಿದಿತ್ತು, ವೈರ್ ಕಟ್ಟಿದ್ರು. ಕ್ಲಿಪ್, ಫಿಲ್ಟರ್ ಎರಡೂ ಹೊಸದು ಹಾಕಿಸ್ತೀನಿ. ಆಯಿಲ್ ಕುಡಿಯೋದು ಇದರಿಂದ ನಿಲ್ಲುತ್ತಾ?

ಗ್ಯಾರೇಜ್_ಮಾಮ
ಸವೆದ ರಿಂಗ್ ವಾಪಸ್ ಬೆಳೆಯಲ್ಲ. ಕಂಪ್ರೆಷನ್ ಟೆಸ್ಟ್ ಮಾಡಿಸು, ಆಮೇಲೆ ಹೇಳ್ತೀನಿ.

ರಿಂಗ್‌ರೋಡ್_ವಾಸಿ
ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ, ಸಮತಟ್ಟು ಜಾಗದಲ್ಲಿ ಕಡ್ಡಿ ಒರೆಸಿ ಅದ್ದಿ ನೋಡಿದೆ. ಮೇಲಿನ ಗುರುತಿಗಿಂತ ಸ್ವಲ್ಪ ಕೆಳಗಿದೆ, ಪೆಟ್ರೋಲ್ ವಾಸನೆ ಇಲ್ಲ. ಮ್ಯಾನ್ಯುಯಲ್‌ನ ಸಣ್ಣ ಪಟ್ಟೀನೂ ಸಿಕ್ತು: 5,000 ಅಥವಾ 6 ತಿಂಗಳು. ಶನಿವಾರ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸ್ತೀನಿ.

ಗ್ಯಾರೇಜ್_ಮಾಮ
ಒಳ್ಳೇದು. ಮಟ್ಟ ಮೇಲಿನ ಗುರುತು ದಾಟಿ ಏರಿದ್ರೆ ಪೆಟ್ರೋಲ್ ಸೇರ್ತಿದೆ ಅಂತ ಅರ್ಥ ಆಗ್ತಿತ್ತು, ನಿಮ್ಮದರಲ್ಲಿ ಆ ಲಕ್ಷಣ ಇಲ್ಲ. ಹಾಕಿಸಿದ ದಿನ ಟ್ರಿಪ್ ಬಿ ಜೊತೆ ಆವರೇಜ್ ಸ್ಪೀಡೂ ಸೊನ್ನೆ ಮಾಡಿ. ಬ್ಯಾಟರಿ ಬಿಚ್ಚಿದ್ರೆ ಕೆಲವು ಗಾಡೀಲಿ ಅಳಿಸಿಹೋಗುತ್ತೆ, ಫೋನಲ್ಲಿ ಬರೆದಿಟ್ಟುಕೊಳ್ಳಿ. ವಾರಂಟಿ ಬಾಕಿ ಇದ್ರೆ ಬಿಲ್ ಎಸೆಯಬೇಡಿ.

ಲೀಟರ್_ಲೆಕ್ಕ
6 ತಿಂಗಳಿಗೆ ಇವರದು 2,300 ಕಿ.ಮೀ. ಕೂಡ ಆಗಲ್ಲ. ಅಷ್ಟಕ್ಕೇ ಸಿಂಥೆಟಿಕ್ ಸುರಿಯೋದು ನನಗೆ ಇನ್ನೂ ಒಪ್ಪಿಗೆ ಇಲ್ಲ. 250 ಗಂಟೆ ಅಂತ ಇಟ್ಟುಕೊಂಡ್ರೆ ಒಂಬತ್ತು ತಿಂಗಳು ಬರುತ್ತೆ.

ಗ್ಯಾರೇಜ್_ಮಾಮ
ವಾರಂಟಿ ಮುಗಿದ ಗಾಡಿ ಆದ್ರೆ ನಿಮ್ಮ ಒಂಬತ್ತಕ್ಕೆ ನಾನೂ ಜಗಳ ಆಡಲ್ಲ. ವಾರಂಟಿ ಒಳಗಿದ್ರೆ ಪುಸ್ತಕದಲ್ಲಿ ಬರೆದಿರೋ ಆರು.