ಎಲ್‌ಆರ್(0), ಎಸ್‌ಎಲ್‌ಆರ್, ಎಲ್‌ಎಎಲ್‌ಆರ್, ಕ್ಯಾನಾನಿಕಲ್ ಎಲ್‌ಆರ್: ಯಾವ ಪಾರ್ಸರ್ ಯಾವ ವ್ಯಾಕರಣವನ್ನು ಒಪ್ಪುತ್ತದೆ?

ಪ್ರಶ್ನೆ, ವಿದ್ಯಾರ್ಥಿ: ಈ ನಾಲ್ಕು ಪಾರ್ಸರುಗಳ ಟೇಬಲ್ಲುಗಳನ್ನು ಕೈಯಿಂದ ಕಟ್ಟಲು ನನಗೆ ಬರುತ್ತದೆ. ಆದರೆ ಒಂದು ವ್ಯಾಕರಣ ಒಂದಕ್ಕೆ ಒಗ್ಗಿ ಇನ್ನೊಂದಕ್ಕೆ ಒಗ್ಗದಿರುವುದು ಏಕೆ ಎಂಬುದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಒಂದೇ ಉದಾಹರಣೆಯಲ್ಲಿ ನಾಲ್ಕರ ವ್ಯತ್ಯಾಸವೂ ಕಾಣುವಂತೆ ಯಾರಾದರೂ ವಿವರಿಸುವಿರಾ?

ಉತ್ತರ, ಕಂಪೈಲರ್ ಇಂಜಿನಿಯರ್: ಟೋಕನ್ನನ್ನು ಸ್ಟ್ಯಾಕಿಗೆ ಶಿಫ್ಟ್ ಮಾಡುವ ವಿಷಯದಲ್ಲಿ ಈ ನಾಲ್ಕರ ನಡುವೆ ಭೇದವಿಲ್ಲ. ಭೇದವೆಲ್ಲ ಇರುವುದು ಒಂದೇ ಕಡೆ. ಯಾವುದೋ ನಿಯಮದ ಬಲಭಾಗ ಪೂರ್ತಿಯಾಗಿ ಸ್ಟ್ಯಾಕಿನ ತುದಿಗೆ ಬಂದು ನಿಂತಾಗ, ಮುಂದಿನ ಟೋಕನ್ ಯಾವುದಾಗಿದ್ದರೆ ಅದನ್ನು ರೆಡ್ಯೂಸ್ ಮಾಡಬಹುದು ಎಂಬ ಪ್ರಶ್ನೆಗೆ ನಾಲ್ಕೂ ನಾಲ್ಕು ಬಗೆಯಲ್ಲಿ ಉತ್ತರಿಸುತ್ತವೆ. ಈ ಕೆಳಗಿನ ಪುಟ್ಟ ವ್ಯಾಕರಣದಿಂದ ಆರಂಭಿಸಿ, ಒಂದೊಂದೇ ಸಾಲು ಸೇರಿಸುತ್ತ ಹೋದರೆ ಒಂದೊಂದೇ ಪಾರ್ಸರ್ ಸೋಲುವುದನ್ನು ನೋಡಬಹುದು.

```
S : 'x' A 'p'
  | 'x' B 'q'
  ;
A : 'c' ;
B : 'c' ;
```

`x c` ಎರಡನ್ನೂ ಓದಿದ ಮೇಲೆ ತಲುಪುವ ಸ್ಥಿತಿಯಲ್ಲಿ `A : 'c'` ಮತ್ತು `B : 'c'` ಎರಡೂ ಮುಗಿದು ನಿಂತಿರುತ್ತವೆ. ಎಲ್‌ಆರ್(0) ರೆಡ್ಯೂಸ್ ಮಾಡುವಾಗ ಮುಂದಿನ ಟೋಕನ್ನನ್ನು ನೋಡುವುದೇ ಇಲ್ಲವಾದ್ದರಿಂದ ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ಅದಕ್ಕೆ ತಿಳಿಯದು. ಅದು ಇಲ್ಲಿಯೇ ಸೋಲುತ್ತದೆ. ಒಂದು ಸ್ಥಿತಿಯಲ್ಲಿ ಮುಗಿದ ನಿಯಮವಿದ್ದರೆ ಅದು ಒಂದೇ ಇರಬೇಕು, ಅದರ ಜೊತೆ ಶಿಫ್ಟ್‌ಗೆ ಕಾದಿರುವ ಟೋಕನ್ ಇರಕೂಡದು ಎಂಬುದು ಎಲ್‌ಆರ್(0) ಒಡ್ಡುವ ಷರತ್ತು. ಬಳಕೆಯಲ್ಲಿರುವ ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣಗಳು ಈ ಷರತ್ತನ್ನು ಪೂರೈಸುವುದು ಬಹಳ ವಿರಳ.

ಎಸ್‌ಎಲ್‌ಆರ್ ಅದೇ ಸ್ಥಿತಿಗಳನ್ನು ಇಟ್ಟುಕೊಂಡು ಫಾಲೋ ಗಣವನ್ನು ನೋಡುತ್ತದೆ. ಈ ವ್ಯಾಕರಣದಲ್ಲಿ `A` ಆದಮೇಲೆ `p` ಮಾತ್ರ, `B` ಆದಮೇಲೆ `q` ಮಾತ್ರ ಬರಬಲ್ಲದು. ಆದ್ದರಿಂದ ಮುಂದೆ `p` ಇದ್ದರೆ `A`, `q` ಇದ್ದರೆ `B` ಎಂದು ಗೊಂದಲವಿಲ್ಲದೆ ತೀರ್ಮಾನವಾಗುತ್ತದೆ. ಈಗ `S` ಗೆ ಮೂರನೆಯ ಸಾಲೊಂದನ್ನು ಸೇರಿಸಿ.

```
  | 'y' B 'p'
```

ಈ ಸಾಲಿನಿಂದಾಗಿ `B` ಯ ಫಾಲೋ ಗಣಕ್ಕೆ `p` ಕೂಡ ಸೇರಿಕೊಂಡಿತು. ಈಗ `x c` ಆದಮೇಲೆ `p` ಕಂಡರೆ ಎರಡೂ ರೆಡ್ಯೂಸ್‌ಗಳಿಗೆ ಎಸ್‌ಎಲ್‌ಆರ್ ಅನುಮತಿ ಕೊಡುತ್ತದೆ, ಅಂದರೆ ಸಂಘರ್ಷ ಹುಟ್ಟುತ್ತದೆ. ಗಮನಿಸಬೇಕಾದದ್ದೇನೆಂದರೆ, `B` ಆದಮೇಲೆ `p` ಬರುವುದು `y` ಯಿಂದ ಆರಂಭವಾದ ವಾಕ್ಯದಲ್ಲಿ ಮಾತ್ರ. ನಾವಿರುವುದು `x` ಆದಮೇಲೆ. ಫಾಲೋ ಗಣವು ಇಡೀ ವ್ಯಾಕರಣಕ್ಕೆ ಒಂದೇ ಆದ್ದರಿಂದ, ಎಲ್ಲಿಂದ ಇಲ್ಲಿಗೆ ಬಂದೆವೆಂಬುದು ಅದಕ್ಕೆ ಕಾಣಿಸುವುದಿಲ್ಲ. ಎಸ್‌ಎಲ್‌ಆರ್‌ನ ದೌರ್ಬಲ್ಯ ಇಷ್ಟೇ, ಆದರೆ ಇದು ದೊಡ್ಡ ದೌರ್ಬಲ್ಯ.

ಎಲ್‌ಎಎಲ್‌ಆರ್ ಫಾಲೋ ಗಣವನ್ನು ಬಿಟ್ಟು, ಪ್ರತಿ ಸ್ಥಿತಿಗೂ ಅಲ್ಲಿಗೆ ಬಂದ ದಾರಿಗಳಿಂದ ಮುಂದಿನ ಟೋಕನ್ನುಗಳನ್ನು ಲೆಕ್ಕಹಾಕುತ್ತದೆ. `x c` ಯ ಸ್ಥಿತಿಯಲ್ಲಿ `A` ಗೆ `p`, `B` ಗೆ `q` ಮಾತ್ರ ದಕ್ಕುತ್ತವೆ. `y c` ಯ ಸ್ಥಿತಿಯಲ್ಲಿ `B : 'c'` ಒಂದೇ ಇರುವುದರಿಂದ ಅದು ಬೇರೆಯೇ ಸ್ಥಿತಿ. ಹೀಗೆ ಸಂಘರ್ಷ ಕರಗುತ್ತದೆ. ಈಗ ನಾಲ್ಕನೆಯ ಸಾಲು.

```
  | 'y' A 'q'
```

ಇದನ್ನು ಸೇರಿಸಿದೊಡನೆ `y c` ಆದಮೇಲೂ `A : 'c'`, `B : 'c'` ಎರಡೂ ಮುಗಿದು ನಿಲ್ಲುತ್ತವೆ. ಮುಂದಿನ ಟೋಕನ್ನನ್ನು ಮರೆತು ನೋಡಿದರೆ ಇದು `x c` ಯ ಸ್ಥಿತಿಯದೇ ಪಡಿಯಚ್ಚು. ಕ್ಯಾನಾನಿಕಲ್ ಎಲ್‌ಆರ್(1) ಈ ಎರಡನ್ನೂ ಬೇರೆಬೇರೆಯಾಗಿಯೇ ಉಳಿಸಿಕೊಳ್ಳುತ್ತದೆ: `x` ಆದಮೇಲೆ `p` ಗೆ `A`, `q` ಗೆ `B`, `y` ಆದಮೇಲೆ `q` ಗೆ `A`, `p` ಗೆ `B`. ಎಲ್‌ಎಎಲ್‌ಆರ್ ಎರಡನ್ನೂ ಬೆಸೆದು ಒಂದಾಗಿಸುವುದರಿಂದ `A` ಗೂ `B` ಗೂ `p`, `q` ಎರಡೂ ದಕ್ಕಿ, ತೀರ್ಮಾನ ಅಸಾಧ್ಯವಾಗುತ್ತದೆ. ಕೈಯಿಂದ ಎಣಿಸಿದರೆ ಎಲ್‌ಎಎಲ್‌ಆರ್‌ಗೆ 13 ಸ್ಥಿತಿಗಳು, ಕ್ಯಾನಾನಿಕಲ್‌ಗೆ 14. ಇಲ್ಲಿ ಅಂತರ ಒಂದೇ ಆದರೂ, ದೊಡ್ಡ ಭಾಷೆಗಳಲ್ಲಿ ಎಲ್‌ಎಎಲ್‌ಆರ್‌ಗೆ ಕೆಲವು ನೂರು ಸ್ಥಿತಿಗಳು ಸಾಕಾಗುವಲ್ಲಿ ಕ್ಯಾನಾನಿಕಲ್‌ಗೆ ಸಾವಿರಗಟ್ಟಲೆ ಬೇಕಾಗುತ್ತವೆ. ಕ್ನೂತ್ 1965ರಲ್ಲಿ ಎಲ್‌ಆರ್ ವಿಧಾನವನ್ನು ಪ್ರಕಟಿಸಿದಾಗ ಆ ಗಾತ್ರದ ಟೇಬಲ್ಲುಗಳನ್ನು ಅಂದಿನ ಕಂಪ್ಯೂಟರುಗಳ ಮೆಮೊರಿಯಲ್ಲಿ ಹಿಡಿಸುವುದು ಕಷ್ಟವಾಗಿತ್ತು. 1969ರಲ್ಲಿ ಡಿರೆಮರ್ ಎಲ್‌ಎಎಲ್‌ಆರ್ ಅನ್ನು ಮುಂದಿಟ್ಟ ಬಳಿಕವೇ ಈ ಬಗೆಯ ಪಾರ್ಸರುಗಳು ದಿನಬಳಕೆಗೆ ಬಂದವು.

ಪ್ರತಿಕ್ರಿಯೆ, ಸಾಫ್ಟ್‌ವೇರ್ ಉದ್ಯೋಗಿ: ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸ್ಥಿತಿಗಳನ್ನು ಬೆಸೆಯುವುದರಿಂದ ಎಲ್‌ಎಎಲ್‌ಆರ್‌ನಲ್ಲಿ ರೆಡ್ಯೂಸ್-ರೆಡ್ಯೂಸ್ ಸಂಘರ್ಷವಷ್ಟೇ ಅಲ್ಲ, ಶಿಫ್ಟ್-ರೆಡ್ಯೂಸ್ ಸಂಘರ್ಷವೂ ಹೊಸದಾಗಿ ಹುಟ್ಟುತ್ತದೆ. ಕ್ಯಾನಾನಿಕಲ್ ಪಾರ್ಸರ್ ಹೆಚ್ಚು ಭಾಷೆಗಳನ್ನು ಒಪ್ಪುವುದು ಈ ಕಾರಣಕ್ಕೆ.

ಕಂಪೈಲರ್ ಇಂಜಿನಿಯರ್: ರೆಡ್ಯೂಸ್-ರೆಡ್ಯೂಸ್ ಬಗ್ಗೆ ನೀವು ಹೇಳಿದ್ದು ಸರಿ, ಉಳಿದೆರಡು ಮಾತುಗಳು ಸರಿಯಲ್ಲ. ಬೆಸೆದ ಸ್ಥಿತಿಯಲ್ಲಿ `t` ಎಂಬ ಟೋಕನ್ನಿಗೆ ಶಿಫ್ಟೂ ರೆಡ್ಯೂಸೂ ಎದುರಾದವೆಂದು ಇಟ್ಟುಕೊಳ್ಳಿ. ಆ ರೆಡ್ಯೂಸ್‌ಗೆ `t` ಸಿಕ್ಕಿದ್ದು ಬೆಸೆಯುವ ಮೊದಲಿನ ಯಾವುದೋ ಒಂದು ಸ್ಥಿತಿಯಿಂದಲೇ ತಾನೇ? ಬೆಸೆಯುವುದು ಒಂದೇ ತಿರುಳಿನ, ಅಂದರೆ ಮುಂದಿನ ಟೋಕನ್ನನ್ನು ಮರೆತು ನೋಡಿದರೆ ಒಂದೇ ಆಗಿರುವ, ಸ್ಥಿತಿಗಳನ್ನು ಮಾತ್ರವಾದ್ದರಿಂದ, `t` ಯನ್ನು ಶಿಫ್ಟ್ ಮಾಡುವ ನಿಯಮ ಆ ಮೂಲ ಸ್ಥಿತಿಯಲ್ಲಿಯೂ ಇದ್ದೇ ಇರುತ್ತದೆ. ಅಂದರೆ ಆ ಸಂಘರ್ಷ ಕ್ಯಾನಾನಿಕಲ್ ಟೇಬಲ್ಲಿನಲ್ಲಿ ಮೊದಲೇ ಇತ್ತು.

ಇನ್ನು ಭಾಷೆಗಳ ಮಾತು. ಕ್ಯಾನಾನಿಕಲ್ ಒಪ್ಪುವುದು ಹೆಚ್ಚು ವ್ಯಾಕರಣಗಳನ್ನು, ಹೆಚ್ಚು ಭಾಷೆಗಳನ್ನಲ್ಲ. ಎಲ್‌ಆರ್(1) ವ್ಯಾಕರಣವಿರುವ ಯಾವ ಭಾಷೆಗೂ ಒಂದು ಎಸ್‌ಎಲ್‌ಆರ್ ವ್ಯಾಕರಣವನ್ನು ಬರೆಯಲು ಸಾಧ್ಯವಿದೆ. ಮೇಲಿನ ಉದಾಹರಣೆಯನ್ನೇ ನೋಡಿ: `y` ಇರುವ ಸಾಲುಗಳಿಗೆ `A2 : 'c'`, `B2 : 'c'` ಎಂಬ ಪ್ರತ್ಯೇಕ ಚಿಹ್ನೆಗಳನ್ನು ಕೊಟ್ಟರೆ `x c` ಮತ್ತು `y c` ಯ ಸ್ಥಿತಿಗಳ ತಿರುಳು ಬೇರೆಯಾಗಿ, ವ್ಯಾಕರಣ ಎಲ್‌ಎಎಲ್‌ಆರ್ ಮಾತ್ರವಲ್ಲ, ಎಸ್‌ಎಲ್‌ಆರ್ ಕೂಡ ಆಗುತ್ತದೆ. `A`, `B` ಗಳನ್ನು ಕೈಬಿಟ್ಟು ನಾಲ್ಕು ವಾಕ್ಯಗಳನ್ನೂ `'x' 'c' 'p'` ಎಂಬಂತೆ ನೇರವಾಗಿ ಬರೆದರೆ ಎಲ್‌ಆರ್(0) ಕೂಡ ಒಪ್ಪುತ್ತದೆ. ಆದರೆ ಆಗ `c` ಎಂಬುದು `A` ಯೋ `B` ಯೋ ಎಂಬ ರಚನೆಯೇ ಪಾರ್ಸ್ ಟ್ರೀಯಿಂದ ಅಳಿಸಿಹೋಗುತ್ತದೆ. ವ್ಯಾಕರಣವನ್ನು ಬಗ್ಗಿಸಿದ್ದಕ್ಕೆ ತೆರಬೇಕಾದ ಬೆಲೆ ಅದು.

ಪ್ರತಿಕ್ರಿಯೆ, ಹವ್ಯಾಸಕ್ಕೆ ಇಂಟರ್‌ಪ್ರಿಟರ್ ಬರೆಯುತ್ತಿರುವವರು: ನನ್ನದೂ ಇದೇ ಸಮಸ್ಯೆ. ನನ್ನ ಭಾಷೆಯ `if` ಹೇಳಿಕೆಯಲ್ಲಿ `else` ಐಚ್ಛಿಕ. ವ್ಯಾಕರಣದಿಂದ ಪಾರ್ಸರ್ ತಯಾರಿಸುವ ಉಪಕರಣವಾದ ಬೈಸನ್ `1 shift/reduce conflict` ಎನ್ನುತ್ತಿತ್ತು. ನಿಮ್ಮ ಉತ್ತರ ಓದಿ `%define lr.type canonical-lr` ಎಂದು ಸೇರಿಸಿದೆ. ಸಂಘರ್ಷ ಹಾಗೆಯೇ ಇದೆ. ಇದಕ್ಕಿಂತ ಬಲವಾದ ಪಾರ್ಸರ್ ಯಾವುದು ಮೇಡಂ?

ಕಂಪೈಲರ್ ಇಂಜಿನಿಯರ್: ನಿಮ್ಮ ಸಮಸ್ಯೆಯ ಮೂಲ ಬೇರೆ. ಎರಡು `if` ಗಳ ನಂತರ ಬರುವ ಒಂದು `else` ಯಾವುದಕ್ಕೆ ಸೇರಬೇಕೆಂದು ನಿಮ್ಮ ವ್ಯಾಕರಣ ಹೇಳುವುದೇ ಇಲ್ಲ. ಒಂದೇ ವಾಕ್ಯಕ್ಕೆ ಎರಡು ಪಾರ್ಸ್ ಟ್ರೀಗಳಿವೆ. ಅಂತಹ ಸಂದಿಗ್ಧ ವ್ಯಾಕರಣವನ್ನು ಈ ನಾಲ್ಕರಲ್ಲಿ ಯಾವುದೂ ಒಪ್ಪುವುದಿಲ್ಲ, ಮುಂದಿನ ಎಷ್ಟು ಟೋಕನ್ನುಗಳನ್ನು ನೋಡಿದರೂ ಪ್ರಯೋಜನವಿಲ್ಲ. ಬೈಸನ್ ತಾನಾಗಿ ಶಿಫ್ಟ್ ಅನ್ನು ಆರಿಸುವುದರಿಂದ `else` ಹತ್ತಿರದ `if` ಗೆ ಸೇರುತ್ತದೆ, ನಿಮಗೆ ಬೇಕಾದದ್ದೂ ಬಹುಶಃ ಅದೇ. `%precedence` ಬಳಸಿ ಅದನ್ನು ಬಾಯಿಬಿಟ್ಟು ಹೇಳಿದರೆ ಎಚ್ಚರಿಕೆ ನಿಲ್ಲುತ್ತದೆ. ಆದರೂ ನೀವು ಮಾಡಿದ ಪ್ರಯೋಗ ಉಪಯುಕ್ತವಾದದ್ದೇ: `canonical-lr` ಹಾಕಿದಾಗ ಸಂಘರ್ಷ ಮಾಯವಾದರೆ ಅದು ಸ್ಥಿತಿಗಳನ್ನು ಬೆಸೆದದ್ದರಿಂದ ಬಂದದ್ದು, ಉಳಿದರೆ ತೊಂದರೆ ವ್ಯಾಕರಣದಲ್ಲಿದೆ. ವ್ಯಾಕರಣ ಸಂದಿಗ್ಧವಾಗಿರಬಹುದು, ಇಲ್ಲವೇ ಒಂದಕ್ಕಿಂತ ಹೆಚ್ಚು ಟೋಕನ್ನುಗಳನ್ನು ಮುಂದೆ ನೋಡುವುದು ಅದಕ್ಕೆ ಅಗತ್ಯವಾಗಿರಬಹುದು.

ವಿದ್ಯಾರ್ಥಿ: ನಾಲ್ಕು ಸಾಲುಗಳ ವ್ಯಾಕರಣವನ್ನು ಬೈಸನ್‌ಗೆ ಕೊಟ್ಟು ನೋಡಿದೆ. `2 reduce/reduce conflicts` ಎಂದಿತು, ಜೊತೆಗೆ `rule useless in parser due to conflicts` ಎಂಬ ಎಚ್ಚರಿಕೆಯೂ ಬಂತು. ಆದರೂ ಪಾರ್ಸರ್ ತಯಾರಾಯಿತು, `x c p` ಯನ್ನು ಒಪ್ಪಿತು ಕೂಡ. ಹಾಗಾದರೆ ಈ ಸಂಘರ್ಷದಿಂದ ಹಾನಿಯಿಲ್ಲವೇ?

ಕಂಪೈಲರ್ ಇಂಜಿನಿಯರ್: ಹಾನಿಯಿದೆ. `x c q` ಕೊಟ್ಟು ನೋಡಿ. ರೆಡ್ಯೂಸ್-ರೆಡ್ಯೂಸ್ ಸಂಘರ್ಷದಲ್ಲಿ ಬೈಸನ್ ಫೈಲಿನಲ್ಲಿ ಮೊದಲು ಬರೆದ ನಿಯಮವನ್ನು ಆರಿಸುತ್ತದೆ, ಇಲ್ಲಿ ಅದು `A : 'c'`. ಹಾಗಾಗಿ `c` ಯಾವಾಗಲೂ `A` ಆಗುತ್ತದೆ. `B : 'c'` ಎಂದೂ ಬಳಕೆಯಾಗದ್ದರಿಂದಲೇ ಆ ಎರಡನೆಯ ಎಚ್ಚರಿಕೆ. ಪರಿಣಾಮವಾಗಿ `x c p` ಮತ್ತು `y c q` ದಾಟಿಹೋಗುತ್ತವೆ, `x c q` ಮತ್ತು `y c p` ಎಂಬ ಸರಿಯಾದ ವಾಕ್ಯಗಳಿಗೆ ಸಿಂಟ್ಯಾಕ್ಸ್ ದೋಷ ಬರುತ್ತದೆ. ಎಚ್ಚರಿಕೆಯನ್ನು ಕಡೆಗಣಿಸಿದರೆ ಅರ್ಧ ಭಾಷೆ ಸದ್ದಿಲ್ಲದೆ ಕಳೆದುಹೋಗಿರುತ್ತದೆ. `bison --report=all` ಎಂದು ಓಡಿಸಿ `.output` ಫೈಲನ್ನು ತೆರೆದರೆ, ಬೆಸೆದ ಆ ಸ್ಥಿತಿಯಲ್ಲಿ ಎರಡೂ ನಿಯಮಗಳ ಎದುರು `p`, `q` ಇರುವುದು ಕಾಣುತ್ತದೆ. ಬೈಸನ್ ಮುಕ್ತಾಯಕ್ಕೆಂದು ಒಂದು ಸ್ಥಿತಿಯನ್ನು ತಾನೇ ಸೇರಿಸುವುದರಿಂದ ಅಲ್ಲಿನ ಎಣಿಕೆ 13ರ ಬದಲು 14 ಬರುತ್ತದೆ.

ಸಾಫ್ಟ್‌ವೇರ್ ಉದ್ಯೋಗಿ: ಶಿಫ್ಟ್-ರೆಡ್ಯೂಸ್ ಕುರಿತ ನಿಮ್ಮ ವಾದವನ್ನು ಕಾಗದದ ಮೇಲೆ ಮಾಡಿ ನೋಡಿದೆ, ಒಪ್ಪಿದೆ. ಆದರೆ ಪರಿಹಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. `A2`, `B2` ಎಂದು ನಕಲು ಚಿಹ್ನೆಗಳನ್ನು ಸೇರಿಸುತ್ತ ಹೋದರೆ ನಾಳೆ ಅದನ್ನು ಓದುವವರಿಗೆ ಅವು ಏಕಿವೆ ಎಂದೇ ತಿಳಿಯದು. `%define lr.type ielr` ಎಂದರೆ ಟೇಬಲ್ ಸುಮಾರಾಗಿ ಎಲ್‌ಎಎಲ್‌ಆರ್‌ನಷ್ಟೇ ಚಿಕ್ಕದಾಗಿದ್ದು, ಬೆಸೆಯುವುದರಿಂದ ಹುಟ್ಟುವ ಸಂಘರ್ಷಗಳು ಬರುವುದಿಲ್ಲ. ವ್ಯಾಕರಣವನ್ನು ಹಾಗೆಯೇ ಬಿಟ್ಟು ಆ ಒಂದು ಸಾಲು ಸೇರಿಸುವುದು ಉತ್ತಮವಲ್ಲವೇ?

ಕಂಪೈಲರ್ ಇಂಜಿನಿಯರ್: ಬೈಸನ್ ಒಂದನ್ನೇ ಬಳಸುವುದಾದರೆ ನಿಮ್ಮ ಮಾತಿಗೆ ತೂಕವಿದೆ. ಅದೇ ವ್ಯಾಕರಣವನ್ನು ಎಲ್‌ಎಎಲ್‌ಆರ್ ಮಾತ್ರ ಬಲ್ಲ ಇನ್ನೊಂದು ಉಪಕರಣಕ್ಕೆ ಒಯ್ಯಬೇಕಾದ ಸಂದರ್ಭಗಳನ್ನು ನಾನು ಕಂಡಿರುವುದರಿಂದ, ನಕಲು ಚಿಹ್ನೆಯನ್ನು ಸೇರಿಸಿ ಅದರ ಪಕ್ಕದಲ್ಲಿ ಕಾರಣವನ್ನು ಟಿಪ್ಪಣಿಯಾಗಿ ಬರೆದಿಡುವುದನ್ನೇ ಇಷ್ಟಪಡುತ್ತೇನೆ. ನಕಲು ಒಂದೆರಡನ್ನು ಮೀರಿ ಹತ್ತಾದರೆ ನಾನೂ `ielr` ಕಡೆಗೇ ವಾಲುತ್ತೇನೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರುವೆವೆಂದು ನನಗೆ ಅನಿಸುವುದಿಲ್ಲ.